ಫೆಬ್ರವರಿಯ ದಿನಗಳನ್ನು ಕದ್ದವರು ಯಾರು?

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಅದು ದಿನ ನೋಡುವುದಕ್ಕಿಂತ ಜಾಸ್ತಿ ಹಾಲಿನ ಲೆಕ್ಕಕ್ಕೆ. ಬದಿಯಡ್ಕದ ಹತ್ತಿರದ ನಮ್ಮ ಮನೆಯಿಂದ ಬೆಳಿಗ್ಗೆ, ಸಂಜೆ ಹಾಲು ಸೊಸೈಟಿಗೆ ಹೋಗುತ್ತದೆ. ಎಷ್ಟು ಲೀಟರ್ ಹೋಯಿತು ಎಂದು ಆಯಾ ದಿನದ ಚೌಕದಲ್ಲಿ ಬರೆಯುವ ಕೆಲಸ ನನ್ನ ಮಗಳದು. ಅವಳಿಗೆ ಈಗ ಏಳು ವರ್ಷ. ಕಳೆದ ಫೆಬ್ರವರಿಯಲ್ಲಿ, ಅಂದರೆ 2026ರಲ್ಲಿ, ಹಾಳೆ ತಿರುಗಿಸಿದ ಕೂಡಲೇ ಅವಳು ಒಂದು ವಿಷಯ ಗಮನಿಸಿದಳು. ಭಾನುವಾರಕ್ಕೆ ಸರಿಯಾಗಿ ಶುರು, ಶನಿವಾರಕ್ಕೆ ಸರಿಯಾಗಿ ಮುಕ್ತಾಯ. ಒಂದು ಚೌಕವೂ ಖಾಲಿ ಇಲ್ಲ. ಏಳು ನಾಲ್ಕ್ಲಿ ಇಪ್ಪತ್ತೆಂಟು.

"ಅಮ್ಮಾ, ಈ ತಿಂಗಳನ್ನು ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ. ಉಳಿದ ದಿನ ಎಲ್ಲಿಗೆ ಹೋಯಿತು?"

ರಾತ್ರಿ ಹೇಳುತ್ತೇನೆ ಅಂದೆ. ಹಾಗೆ ಶುರುವಾದ ಮಲಗುವ ಹೊತ್ತಿನ ಕತೆ ನಾಲ್ಕು ರಾತ್ರಿ ಹಿಡಿಯಿತು. ಅದರಲ್ಲಿ ಮೊದಲ ರಾತ್ರಿ ನಾನು ಹೇಳಿದ್ದು ಶುದ್ಧ ಸುಳ್ಳು.

ಆ ಸುಳ್ಳು ಕತೆ ನಿಮಗೂ ಗೊತ್ತಿರಬಹುದು. ರೋಮಿನಲ್ಲಿ ಜೂಲಿಯಸ್ ಸೀಸರ್ ಎಂಬವನಿದ್ದ. ಜುಲೈ ತಿಂಗಳು ಅವನ ಹೆಸರಿನದು, ಅದಕ್ಕೆ 31 ದಿನ. ಅವನ ನಂತರ ಬಂದ ಅಗಸ್ಟಸ್ ಚಕ್ರವರ್ತಿಯ ಹೆಸರನ್ನು ಆಗಸ್ಟಿಗೆ ಇಟ್ಟರು, ಆದರೆ ಅದಕ್ಕೆ 30 ದಿನ ಮಾತ್ರ ಇತ್ತು. ನನ್ನ ತಿಂಗಳು ಕಡಿಮೆಯಾಗುವುದುಂಟಾ ಎಂದು ಅವನು ಫೆಬ್ರವರಿಯಿಂದ ಒಂದು ದಿನ ಕಿತ್ತು ತನ್ನ ತಿಂಗಳಿಗೆ ಸೇರಿಸಿಕೊಂಡ. ಶಾಲೆಯಲ್ಲಿ ನಾನು ಕೇಳಿದ್ದೂ ಇದನ್ನೇ. ಮಗಳಿಗೆ ಬಹಳ ಹಿಡಿಸಿತು. ಕಳ್ಳ ಇರುವ ಕತೆ ಯಾವ ಮಕ್ಕಳಿಗೆ ಬೇಡ?

ಆಮೇಲೆ ಸ್ವಲ್ಪ ಓದಿ ನೋಡಿದರೆ ಪಾಪ, ಅಗಸ್ಟಸ್ ಏನೂ ಕದ್ದಿರಲಿಲ್ಲ. ಈ ಕತೆಯನ್ನು ಹಬ್ಬಿಸಿದ್ದು 13ನೇ ಶತಮಾನದ ಸಾಕ್ರೊಬೋಸ್ಕೊ ಎಂಬ ಪಂಡಿತ. ಅಂದರೆ ಅಗಸ್ಟಸ್ ತೀರಿಕೊಂಡು ಸಾವಿರದ ಇನ್ನೂರು ವರ್ಷ ದಾಟಿದ ಮೇಲೆ. ಸುಳ್ಳು ಎಂದು ಹೇಗೆ ಗೊತ್ತಾಗುತ್ತದೆ? ಅಲ್ಲಿಯೂ ಒಂದು ಗೋಡೆ ಕ್ಯಾಲೆಂಡರ್ ಸಾಕ್ಷಿ ಹೇಳುತ್ತದೆ. ಇಟಲಿಯ ಆಂಟಿಯಂ ಎಂಬ ಊರಿನಲ್ಲಿ ಗೋಡೆಯ ಗಾರೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಕ್ಯಾಲೆಂಡರಿನ ಚೂರುಗಳು ಸಿಕ್ಕಿವೆ. ಅದು ಜೂಲಿಯಸ್ ಸೀಸರ್ ಕ್ಯಾಲೆಂಡರನ್ನು ಬದಲಾಯಿಸುವ ಮೊದಲಿನದು. ಅದರಲ್ಲಿ ಫೆಬ್ರವರಿಗೆ ಆಗಲೇ 28 ದಿನ. ಕಳವು ಆಗಿದೆ ಎನ್ನುವ ವಸ್ತು ಕಳ್ಳ ಹುಟ್ಟುವ ಮೊದಲೇ ಮನೆಯಲ್ಲಿ ಇರಲಿಲ್ಲ ಎಂದಾದರೆ ಯಾರ ಮೇಲೆ ದೂರು ಕೊಡುವುದು?

ಎರಡನೇ ರಾತ್ರಿ ಮಗಳ ಹತ್ತಿರ ತಪ್ಪಾಯಿತು ಅಂದೆ. ಅವಳಿಗೆ ಸ್ವಲ್ಪ ಬೇಸರವಾಯಿತು. "ಹಾಗಾದರೆ ನಿಜವಾದ ಕಳ್ಳ ಯಾರು?" ಎಂದಳು. ಕಳ್ಳ ಇಲ್ಲ, ಒಂದು ಹಠ ಇದೆ ಅಂದೆ.

ತುಂಬಾ ಹಿಂದೆ, ರೋಮ್ ಇನ್ನೂ ರೈತರ ಊರಾಗಿದ್ದಾಗ, ಅಲ್ಲಿಯ ವರ್ಷಕ್ಕೆ ಹತ್ತೇ ತಿಂಗಳಿದ್ದವು ಎಂದು ಆ ಊರಿನವರೇ ನಂಬಿದ್ದರು. ವರ್ಷ ಶುರುವಾಗುತ್ತಿದ್ದುದು ಮಾರ್ಚಿನಲ್ಲಿ. ಚಳಿ ಹೋಗಿ ಹೊಲದ ಕೆಲಸ ಶುರುವಾಗುವ ಹೊತ್ತು ಅದು. ಇದಕ್ಕೆ ಗುರುತು ಇವತ್ತಿಗೂ ತಿಂಗಳ ಹೆಸರಲ್ಲಿದೆ. ಸಪ್ತ ಅಂದರೆ ಏಳು, ಸೆಪ್ಟೆಂಬರ್ ಏಳನೆಯದು. ಅಷ್ಟ ಅಂದರೆ ಎಂಟು, ಅಕ್ಟೋಬರ್ ಎಂಟನೆಯದು. ನವ ಅಂದರೆ ಒಂಬತ್ತು, ನವೆಂಬರ್. ದಶ ಅಂದರೆ ಹತ್ತು, ಡಿಸೆಂಬರ್. ಸಂಸ್ಕೃತ ಮತ್ತು ಲ್ಯಾಟಿನ್ ದೂರದ ನೆಂಟರು, ಅದಕ್ಕೇ ಹೀಗೆ ತಾಳೆಯಾಗುವುದು. ಮಗಳು ಬೆರಳು ಮಡಚಿ ಮಾರ್ಚಿನಿಂದ ಎಣಿಸಿದಳು. ಡಿಸೆಂಬರಿಗೆ ಸರಿಯಾಗಿ ಹತ್ತು ಬೆರಳು ಮುಗಿಯಿತು. ಜನವರಿಯಿಂದ ಎಣಿಸಿದರೆ ಒಂದೂ ಸರಿ ಬರುವುದಿಲ್ಲ.

"ಡಿಸೆಂಬರ್ ಮುಗಿದ ಮೇಲೆ?"

ಆಮೇಲೆ ಏನೂ ಇಲ್ಲ. ಚಳಿಗಾಲ. ಹೊಲದಲ್ಲಿ ಕೆಲಸ ಇಲ್ಲ, ಹಾಗಾಗಿ ಆ ದಿನಗಳಿಗೆ ಹೆಸರೂ ಇಲ್ಲ. ಹತ್ತು ತಿಂಗಳಿಗೆ 304 ದಿನ ಎಣಿಸುವುದು, ಉಳಿದದ್ದನ್ನು ಸುಮ್ನೆ ಕಳೆಯುವುದು.

ಆಮೇಲೆ ನ್ಯೂಮ ಎಂಬ ರಾಜ ಬಂದ. ಹೆಸರಿಲ್ಲದ ಆ ಚಳಿಯ ದಿನಗಳಿಗೆ ಜನವರಿ, ಫೆಬ್ರವರಿ ಎಂದು ಹೆಸರಿಟ್ಟವನು ಅವನೇ ಎಂದು ರೋಮಿನವರು ಹೇಳುತ್ತಿದ್ದರು. ಅವನು ಚಂದ್ರನನ್ನು ನೋಡಿ ಲೆಕ್ಕ ಹಾಕಿದ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29 ದಿನಕ್ಕಿಂತ ಜಾಸ್ತಿ, 30ಕ್ಕಿಂತ ಕಡಿಮೆ. ಅಂಥ ಹನ್ನೆರಡು ಸೇರಿದರೆ 354 ದಿನ, ಮೇಲೆ ಒಂದಿಷ್ಟು ಗಂಟೆ.

ಇಲ್ಲಿ ಆ ಹಠ ಬಂತು. ರೋಮಿನವರಿಗೆ ಸಮಸಂಖ್ಯೆ ಎಂದರೆ ಅಪಶಕುನ. ಎರಡು, ನಾಲ್ಕು, ಮೂವತ್ತು ಬೇಡ. ಬೆಸಸಂಖ್ಯೆಯೇ ಆಗಬೇಕು. ನಗುವ ಮೊದಲು ನಮ್ಮ ಮದುವೆಮನೆಯ ಕವರ್ ನೆನಪಿಸಿಕೊಳ್ಳಿ. 500 ಹಾಕಿ ಕೊಡುತ್ತೇವಾ? ಒಂದು ರೂಪಾಯಿಗಾಗಿ ಮನೆಯೆಲ್ಲ ಹುಡುಕಿ 501 ಮಾಡಿಯೇ ಕೊಡುವುದು. ರೋಮಿನವರೂ ಅಷ್ಟೇ. 354 ಸಮ, ಅದು ಬೇಡ, 355 ಇರಲಿ ಅಂದರು. ಪ್ರತಿ ತಿಂಗಳಿಗೂ 29 ಅಥವಾ 31 ದಿನ ಇರಲಿ, 30 ಬೇಡ ಅಂದರು.

ಕೇಳುವುದಕ್ಕೆ ಸುಲಭ. ಆದರೆ ಇದು ಆಗದ ಕೆಲಸ. ಯಾಕೆ ಆಗದು ಎಂದು ಹೇಳುವ ಬದಲು ಅಟ್ಟದಲ್ಲಿದ್ದ ಚೆನ್ನೆಮಣೆ ಇಳಿಸಿ ತಂದೆ. ಆಟಿಯ ಮಳೆ ಬಂದಾಗ ಮಾತ್ರ ಕೆಳಗಿಳಿಯುವ ಸಾಮಾನು ಅದು. ಫೆಬ್ರವರಿಯಲ್ಲಿ ಇಳಿಸಿದ್ದಕ್ಕೆ ಅತ್ತೆ ಒಂದು ಸಲ ಕಣ್ಣು ಬಿಟ್ಟು ನೋಡಿದರು. ಮಣೆಯಲ್ಲಿ ಹದಿನಾಲ್ಕು ಗುಳಿ. ಎರಡನ್ನು ಕೈಯಲ್ಲಿ ಮುಚ್ಚಿದೆವು, ಹನ್ನೆರಡು ಉಳಿಯಿತು. ಹನ್ನೆರಡು ತಿಂಗಳು.

"ಪ್ರತಿ ಗುಳಿಗೂ ನಿನಗೆ ಬೇಕಾದಷ್ಟು ಕಾಯಿ ಹಾಕು. ಬೆಸ ಆಗಿರಬೇಕು ಅಷ್ಟೇ" ಅಂದೆ. ಅವಳು ಒಂದಕ್ಕೆ ಮೂರು, ಒಂದಕ್ಕೆ ಐದು, ಒಂದಕ್ಕೆ ಒಂದೇ ಕಾಯಿ, ಹೀಗೆ ಹಾಕುತ್ತಾ ಹೋದಳು. "ಈಗ ಪ್ರತಿ ಗುಳಿಯಿಂದ ಎರಡೆರಡೇ ಕಾಯಿ ಆಗುವಷ್ಟು ಸಲ ತೆಗೆಯುತ್ತಾ ಹೋಗು." ತೆಗೆದಳು. ಬೆಸ ಅಲ್ವಾ, ಪ್ರತಿ ಗುಳಿಯಲ್ಲೂ ಜೊತೆ ಸಿಗದ ಒಂದು ಕಾಯಿ ಉಳಿಯಿತು. ಹನ್ನೆರಡು ಗುಳಿ, ಹನ್ನೆರಡು ಒಂಟಿ ಕಾಯಿ. "ಈ ಒಂಟಿಗಳನ್ನು ಜೊತೆ ಮಾಡು." ಆರು ಜೊತೆ ಆಯಿತು. ಏನೂ ಉಳಿಯಲಿಲ್ಲ. ಅಂದರೆ ಒಟ್ಟು ಲೆಕ್ಕ ಸಮ. ಅವಳಿಗೆ ನಂಬಿಕೆ ಬರಲಿಲ್ಲ. ಇನ್ನೆರಡು ಸಲ ಬೇರೆ ಬೇರೆ ಹಾಕಿ ನೋಡಿದಳು. ಪ್ರತಿ ಸಲವೂ ಆರು ಜೊತೆ, ಉಳಿಕೆ ಸೊನ್ನೆ.

ಹನ್ನೆರಡು ಬೆಸಸಂಖ್ಯೆ ಕೂಡಿಸಿದರೆ ಸಮಸಂಖ್ಯೆಯೇ ಬರುವುದು. ಪ್ರತಿ ತಿಂಗಳೂ ಬೆಸ ಇರಬೇಕು, ವರ್ಷವೂ ಬೆಸ ಇರಬೇಕು ಎಂದು ರಾಜ ಹಠ ಹಿಡಿದರೂ ಕಾಯಿಗಳು ಕೇಳುವುದಿಲ್ಲ. ಒಂದು ಗುಳಿಯಾದರೂ ಸಮ ಆಗಲೇಬೇಕು. ಆಗ ಒಂಟಿ ಕಾಯಿ ಹನ್ನೊಂದು. ಐದು ಜೊತೆ, ಒಂದು ಉಳಿಕೆ. ಒಟ್ಟು ಬೆಸ.

ಹಾಗಾದರೆ ಅಪಶಕುನದ ಸಮಸಂಖ್ಯೆ ಯಾವ ತಿಂಗಳ ತಲೆಗೆ? ಫೆಬ್ರವರಿಯ ತಲೆಗೆ ಬಂತು. ಯಾಕೆಂದರೆ ಅದು ಮೊದಲೇ ಶುಭದ ತಿಂಗಳಲ್ಲ. ಫೆಬ್ರುವ ಎಂದರೆ ಅವರ ಭಾಷೆಯಲ್ಲಿ ಮೈಲಿಗೆ ತೊಳೆಯುವ ವಸ್ತು. ಹಳೆಯ ವರ್ಷದ ಕೊಳೆ ತೆಗೆಯುವ ತಿಂಗಳು. 13ರಿಂದ 21ರವರೆಗೆ ಸತ್ತ ಹಿರಿಯರ ದಿನಗಳು. ಮನೆಯವರು ಸಮಾಧಿಯ ಹತ್ತಿರ ಹೋಗಿ ಹೂವು, ಧಾನ್ಯ, ಉಪ್ಪು ಇಟ್ಟು ಬರುತ್ತಿದ್ದರು. ಆ ದಿನಗಳಲ್ಲಿ ದೇವಸ್ಥಾನದ ಬಾಗಿಲು ತೆರೆಯುತ್ತಿರಲಿಲ್ಲ, ಮದುವೆ ನಡೆಯುತ್ತಿರಲಿಲ್ಲ.

"ಆಟಿಯ ಹಾಗೆ!" ಅಂದಳು ಮಗಳು. ಹೌದು, ಥೇಟು ಆಟಿಯ ಹಾಗೆ. ನಮ್ಮಲ್ಲೂ ಆಟಿಯಲ್ಲಿ ಮದುವೆ ಇಲ್ಲ, ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವುದು ಇದೆ. ತಮಾಷೆ ಎಂದರೆ ಅವರ ಹಿರಿಯರ ತಿಂಗಳು ಎಲ್ಲಕ್ಕಿಂತ ಗಿಡ್ಡ, ನಮ್ಮ ಆಟಿಗೆ ಮಾತ್ರ 31 ದಿನ, ಕೆಲವು ವರ್ಷ 32. ಕ್ಯಾಲೆಂಡರಿನಲ್ಲಿ ಇಂಗ್ಲಿಷ್ ತಾರೀಕಿನ ಪಕ್ಕ ಚಿಕ್ಕದಾಗಿ ಬರೆದಿರುವ ಕರ್ಕಾಟಕದ ಸಂಖ್ಯೆ ನೋಡಿದರೆ ಗೊತ್ತಾಗುತ್ತದೆ. ಅದಕ್ಕೆ ಯಾವ ರಾಜನೂ ಕಾರಣ ಅಲ್ಲ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಿದಾಗ ನಮ್ಮ ಸಂಕ್ರಮಣ. ಜುಲೈ ಹೊತ್ತಿಗೆ ಭೂಮಿ ಸೂರ್ಯನಿಂದ ದೂರದಲ್ಲಿದ್ದು ಸ್ವಲ್ಪ ನಿಧಾನವಾಗಿ ಸುತ್ತುತ್ತದೆ, ಹಾಗಾಗಿ ಆ ರಾಶಿ ದಾಟಲು ದಿನ ಜಾಸ್ತಿ ಬೇಕು. ಜನವರಿಯ ಹೊತ್ತಿಗೆ ಹತ್ತಿರ ಬಂದು ಬೇಗ ಬೇಗ ಓಡುತ್ತದೆ, ಆಗಿನ ತಿಂಗಳು 29 ಅಥವಾ 30 ದಿನಕ್ಕೆ ಮುಗಿಯುತ್ತದೆ.

ಇನ್ನೊಂದು ಮಾತು ನಾನು ಮಗಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಸಮಸಂಖ್ಯೆಯ ಲೆಕ್ಕದಿಂದ ಫೆಬ್ರವರಿ ಸಮ ಆಗಬೇಕಾದದ್ದು ಗೊತ್ತಾಗುತ್ತದೆ, ಗಿಡ್ಡ ಆಗಬೇಕಾದದ್ದು ಅಲ್ಲ. ನ್ಯೂಮನ ಲೆಕ್ಕದಲ್ಲಿ ನಾಲ್ಕು ತಿಂಗಳಿಗೆ 31 ದಿನ, ಏಳು ತಿಂಗಳಿಗೆ 29. ಒಟ್ಟು 327. 355ಕ್ಕೆ ಬಾಕಿ 28. ಅದೇ ಮೂರು ತಿಂಗಳಿಗೆ ಮಾತ್ರ 31 ಕೊಟ್ಟು ಎಂಟಕ್ಕೆ 29 ಕೊಟ್ಟಿದ್ದರೆ 325 ಆಗಿ, ಫೆಬ್ರವರಿಗೆ 30 ಸಿಗುತ್ತಿತ್ತು. ಲೆಕ್ಕ ಎರಡಕ್ಕೂ ಒಪ್ಪುತ್ತದೆ. ಸತ್ತವರ ತಿಂಗಳು ಬೇಗ ಮುಗಿಯಲಿ ಎಂಬ ಮನಸ್ಸು ಉಳಿದದ್ದನ್ನು ತೀರ್ಮಾನ ಮಾಡಿರಬೇಕು ಎಂದು ನನಗೆ ಅನ್ನಿಸುತ್ತದೆ.

ಮೂರನೇ ರಾತ್ರಿ ಕತೆ ಹೆಚ್ಚುವರಿ ದಿನದ ಕಡೆಗೆ ಹೊರಳಿತು. 355 ದಿನದ ವರ್ಷಕ್ಕೆ ಒಂದು ದೊಡ್ಡ ತೊಂದರೆ ಇದೆ. ಬಿಸಿಲು, ಮಳೆ, ಚಳಿ ಒಂದು ಸುತ್ತು ಬರಲು ಸುಮಾರು 365 ಕಾಲು ದಿನ ಬೇಕು. ವರ್ಷಕ್ಕೆ ಹತ್ತು ದಿನ ಚಿಲ್ಲರೆ ಕೊರತೆ. ಮೂರು ವರ್ಷದಲ್ಲಿ ಒಂದು ತಿಂಗಳೇ ಹಿಂದೆ ಮುಂದೆ. ಇದೇ ಕೊರತೆ ನಮ್ಮ ಚಾಂದ್ರಮಾನಕ್ಕೂ ಇದೆ. ಅದನ್ನು ತುಂಬಲು ನಾವು ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತೇವೆ. 2026ರಲ್ಲೇ ಅಧಿಕ ಜ್ಯೇಷ್ಠ ಇದೆ, ಪಂಚಾಂಗದಲ್ಲಿ ನೋಡಿ.

ರೋಮಿನವರೂ ಅಧಿಕ ಮಾಸ ಸೇರಿಸಿದರು. ಆದರೆ ಸೇರಿಸಿದ ಜಾಗ ವಿಚಿತ್ರ. ಫೆಬ್ರವರಿ ಮುಗಿದ ಮೇಲೆ ಅಲ್ಲ, ಫೆಬ್ರವರಿಯ ಹೊಟ್ಟೆ ಸೀಳಿ. 23ನೇ ತಾರೀಕು ಆದ ಕೂಡಲೇ ತಿಂಗಳು ನಿಲ್ಲಿಸುವುದು, ಅಲ್ಲಿ ಅಧಿಕ ಮಾಸ ತುರುಕುವುದು. ಫೆಬ್ರವರಿಯ ಉಳಿದ ಐದು ದಿನ ಆ ಅಧಿಕ ಮಾಸದ ಬಾಲದಲ್ಲಿ ಸೇರಿಹೋಗುತ್ತಿತ್ತು. ಹೀಗೆ ವರ್ಷಕ್ಕೆ 22 ಅಥವಾ 23 ದಿನ ಜಾಸ್ತಿಯಾಗುತ್ತಿತ್ತು.

23ನೇ ತಾರೀಕೇ ಯಾಕೆ? ಅವತ್ತು ಅವರ ಗಡಿದೇವರ ಹಬ್ಬ. ಆ ದೇವರ ಹೆಸರು ಟರ್ಮಿನಸ್. ದೇವರು ಎಂದರೆ ಎರಡು ಜಾಗದ ನಡುವಿನ ಗಡಿಕಲ್ಲೇ. ಆಚೆ ಮನೆಯವರು ಆಚೆ ಕಡೆಯಿಂದ, ಈಚೆ ಮನೆಯವರು ಈಚೆ ಕಡೆಯಿಂದ ಬಂದು ಒಂದೇ ಕಲ್ಲಿಗೆ ಹೂವಿನ ಮಾಲೆ ಹಾಕುತ್ತಿದ್ದರು. ಇದನ್ನು ಹೇಳಿದಾಗ ಮಗಳಿಗೆ ನಮ್ಮ ತೋಟದ ಮೂಲೆಯ ಗುಳಿಗನ ಕಲ್ಲು ನೆನಪಾಯಿತು. ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಗಡಿ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಲಿಲ್ಲ. ಮಾರ್ಚಿನಿಂದ ಶುರುವಾಗುವ ಹಳೆಯ ವರ್ಷಕ್ಕೆ ಗಡಿಕಲ್ಲಿನ ಈ ಹಬ್ಬವೇ ಗಡಿ. ಹೊಸದೇನಾದರೂ ಸೇರಿಸುವುದಾದರೆ ಗಡಿಯಲ್ಲಿ ತಾನೇ ಸೇರಿಸಬೇಕು?

ಆದರೆ ಅಧಿಕ ಮಾಸ ಯಾವಾಗ ಸೇರಿಸುವುದು ಎಂದು ಹೇಳುವ ಅಧಿಕಾರ ರೋಮಿನ ಪುರೋಹಿತರ ಕೈಯಲ್ಲಿತ್ತು. ನಮ್ಮ ಅಧಿಕ ಮಾಸಕ್ಕೆ ಲೆಕ್ಕ ಇದೆ. ಸಂಕ್ರಮಣ ಬೀಳದ ಚಾಂದ್ರ ತಿಂಗಳೇ ಅಧಿಕ, ಅದರಲ್ಲಿ ಯಾರ ಇಷ್ಟವೂ ನಡೆಯುವುದಿಲ್ಲ. ರೋಮಿನಲ್ಲಿ ಹಾಗಲ್ಲ. ತಮಗೆ ಬೇಕಾದವರು ಅಧಿಕಾರದಲ್ಲಿದ್ದರೆ ತಿಂಗಳು ಸೇರಿಸಿ ವರ್ಷ ಉದ್ದ ಮಾಡುವುದು, ಬೇಡದವರಿದ್ದರೆ ಸುಮ್ಮನಿರುವುದು. ಅಷ್ಟಲ್ಲದೆ ಯುದ್ಧ, ಗಲಾಟೆ ಎಂದು ಸೇರಿಸುವುದು ಮರೆತೂ ಹೋಗುತ್ತಿತ್ತು. ಕೊನೆಗೆ ಕ್ಯಾಲೆಂಡರಿಗೂ ಬಿಸಿಲು ಮಳೆಗೂ ಸುಮಾರು ಮೂರು ತಿಂಗಳ ಅಂತರ ಬಂತು. ಕುಯ್ಲಿನ ಹಬ್ಬ ಬಂದಾಗ ಹೊಲದಲ್ಲಿ ಕುಯ್ಲು ಇಲ್ಲ.

ಆಗ ಜೂಲಿಯಸ್ ಸೀಸರ್ ಬಂದ. ಪುರೋಹಿತರ ಮುಖ್ಯಸ್ಥನೂ ಅವನೇ. ಅಲೆಕ್ಸಾಂಡ್ರಿಯದ ಸೋಸಿಜಿನಿಸ್ ಎಂಬ ಜ್ಯೋತಿರ್ವಿದನನ್ನು ಕೇಳಿ ಲೆಕ್ಕ ಸರಿ ಮಾಡಿದ. ಮೊದಲು ಹಳೆಯ ಬಾಕಿ ತೀರಿಸಬೇಕಲ್ಲ? ಕ್ರಿ.ಪೂ. 46ನೇ ವರ್ಷಕ್ಕೆ, ಫೆಬ್ರವರಿಯಲ್ಲಿ ಮಾಮೂಲು 23 ದಿನ ಸೇರಿಸಿದ್ದರು. ಅದು ಸಾಲದೆ ನವೆಂಬರ್ ಮತ್ತು ಡಿಸೆಂಬರ್ ನಡುವೆ ಇನ್ನೂ 67 ದಿನ ತುಂಬಿಸಿದ. 355, 23, 67 ಕೂಡಿಸಿ ನೋಡಿ. 445 ದಿನದ ವರ್ಷ! ಮಗಳ ಮೊದಲ ಪ್ರಶ್ನೆ, "ಆ ವರ್ಷ ಹುಟ್ಟುಹಬ್ಬಕ್ಕೆ ಎಷ್ಟು ಕಾಯಬೇಕಾಯಿತು?" ಎರಡನೇ ಪ್ರಶ್ನೆ, "ಶಾಲೆ?"

ಮರುವರ್ಷದಿಂದ ಹೊಸ ಲೆಕ್ಕ. ಅಧಿಕ ಮಾಸ ಇನ್ನಿಲ್ಲ. ವರ್ಷಕ್ಕೆ 365 ದಿನ. ಹಳೆಯ 355ಕ್ಕೆ ಹತ್ತು ದಿನ ಹಂಚಬೇಕಿತ್ತು. ಸೀಸರ್ ಜನವರಿ, ಆಗಸ್ಟ್, ಡಿಸೆಂಬರಿಗೆ ಎರಡೆರಡು ಕೊಟ್ಟ. ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರಿಗೆ ಒಂದೊಂದು ಕೊಟ್ಟ. ಹತ್ತು ಮುಗಿಯಿತು. ಫೆಬ್ರವರಿಗೆ ಒಂದನ್ನೂ ಕೊಡಲಿಲ್ಲ. ಸತ್ತವರ ತಿಂಗಳನ್ನು ಮುಟ್ಟಿದರೆ ದೋಷ ಎಂದು ಬಿಟ್ಟನಂತೆ. ನೋಡಿ, ಆಗಸ್ಟಿಗೆ 31 ದಿನ ಸಿಕ್ಕಿದ್ದು ಇಲ್ಲೇ, ಅಗಸ್ಟಸ್ ಹೆಸರು ಅದಕ್ಕೆ ಬರುವ ಮೂವತ್ತು ಚಿಲ್ಲರೆ ವರ್ಷ ಮೊದಲೇ. ಉಳಿದವರೆಲ್ಲ ಒಂದಿಷ್ಟು ಬೆಳೆದರು, ಫೆಬ್ರವರಿ ಇದ್ದಲ್ಲೇ ಇತ್ತು. ಕದ್ದವರು ಯಾರೂ ಇಲ್ಲ, ಹಂಚುವಾಗ ಕರೆಯದೆ ಬಿಟ್ಟದ್ದು ಅಷ್ಟೇ.

ಇನ್ನು ಉಳಿದದ್ದು ಆ ಕಾಲು ದಿನ. ಇದನ್ನು ಮಗಳಿಗೆ ಹೇಳಿದ್ದು ದೇವಸ್ಥಾನದ ಪ್ರದಕ್ಷಿಣೆಯ ಲೆಕ್ಕದಲ್ಲಿ. ಭೂಮಿ ಸೂರ್ಯನಿಗೆ ಪ್ರದಕ್ಷಿಣೆ ಬರುತ್ತಿದೆ. 365 ದಿನ ಆದ ಕೂಡಲೇ ಡಿಸೆಂಬರ್ 31ರ ರಾತ್ರಿ ನಾವು ಒಂದು ಸುತ್ತು ಮುಗಿಯಿತು ಎಂದು ಗಂಟೆ ಹೊಡೆಯುತ್ತೇವೆ. ಆದರೆ ಭೂಮಿ ಹೊರಟ ಜಾಗಕ್ಕೆ ಇನ್ನೂ ಬಂದಿಲ್ಲ. ಸುಮಾರು ಆರು ಗಂಟೆಯ ದಾರಿ ಬಾಕಿ. ಎರಡನೇ ಸುತ್ತಿನ ಗಂಟೆ ಹೊಡೆದಾಗ ಹನ್ನೆರಡು ಗಂಟೆಯ ದಾರಿ ಬಾಕಿ. ನಾಲ್ಕನೇ ಸುತ್ತಿಗೆ ಇಡೀ ಒಂದು ದಿನದ ದಾರಿ ಬಾಕಿ. ಆಗ, ತಡಿ, ಗಂಟೆ ಹೊಡೆಯಬೇಡ, ಇನ್ನೊಂದು ದಿನ ಕಾಯೋಣ ಎನ್ನುವುದೇ ಆ ಹೆಚ್ಚುವರಿ ದಿನ.

"ಕಾಯದಿದ್ದರೆ ಏನಾಗುತ್ತದೆ?" ಇದು ಒಳ್ಳೆಯ ಪ್ರಶ್ನೆ. ನಮ್ಮ ತೋಟದ್ದೇ ಉದಾಹರಣೆ ಕೊಟ್ಟೆ. ಕೇರಳಕ್ಕೆ ಮುಂಗಾರು ಬರುವ ಸರಾಸರಿ ತಾರೀಕು ಜೂನ್ 1. ಅದಕ್ಕೆ ಸ್ವಲ್ಪ ಮೊದಲು ಅಡಕೆಗೆ ಮದ್ದು ಬಿಡಬೇಕು, ಮೈಲುತುತ್ತು ಮತ್ತು ಸುಣ್ಣ ಕಲಸಿ. ಇಲ್ಲವಾದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಈಗ ಹೆಚ್ಚುವರಿ ದಿನವನ್ನು ಯಾರೂ ಸೇರಿಸುವುದಿಲ್ಲ ಎಂದು ಇಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ ಒಂದು ದಿನದಂತೆ ಮಳೆಯ ತಾರೀಕು ಮುಂದೆ ಹೋಗುತ್ತದೆ. ನಾಲ್ಕು ವರ್ಷಕ್ಕೆ ಯಾರಿಗೂ ಗೊತ್ತಾಗುವುದಿಲ್ಲ, ಮಳೆಯೇ ಒಂದು ವಾರ ಅತ್ತ ಇತ್ತ ಆಗುವ ವಸ್ತು. ಆದರೆ 120 ವರ್ಷ ಹೋದರೆ ಸುಮಾರು 29 ದಿನ ಆಗುತ್ತದೆ. ಮುಂಗಾರು ಬರುವುದು ಜೂನ್ ಕೊನೆಗೆ. ಅಜ್ಜನ ಡೈರಿಯಲ್ಲಿ "ಮೇ 25, ಮದ್ದು" ಎಂದು ಬರೆದದ್ದನ್ನು ನೋಡಿ ಮೊಮ್ಮಗನ ಮಗ ಮದ್ದು ಬಿಟ್ಟರೆ, ಮಳೆಗೆ ಇನ್ನೂ ಒಂದು ತಿಂಗಳು ಬಾಕಿ ಇರುತ್ತದೆ. ಮಳೆ ತಡವಾದದ್ದಲ್ಲ, ಕ್ಯಾಲೆಂಡರ್ ಅವಸರ ಮಾಡಿದ್ದು.

ಸೀಸರನ ಹೆಚ್ಚುವರಿ ದಿನವೂ ಫೆಬ್ರವರಿಗೇ ಬಂತು. ಯಾಕೆಂದರೆ ಸೇರಿಸುವ ಜಾಗ ಮೊದಲಿನಿಂದಲೂ ಅದೇ ಗಡಿ. ಆದರೆ ಅವರಿಗೆ ಫೆಬ್ರವರಿ 29 ಎಂಬ ತಾರೀಕು ಇರಲಿಲ್ಲ! ಮಗಳು ಎದ್ದು ಕೂತದ್ದು ಇಲ್ಲೇ. ರೋಮಿನವರು ದಿನವನ್ನು ಮುಂದಕ್ಕೆ ಎಣಿಸುತ್ತಿರಲಿಲ್ಲ. ಮುಂದೆ ಬರುವ ತಿಂಗಳ ಮೊದಲ ದಿನಕ್ಕೆ ಇನ್ನೆಷ್ಟು ಎಂದು ಹಿಂದಕ್ಕೆ ಎಣಿಸುತ್ತಿದ್ದರು. ಪರೀಕ್ಷೆಗೆ ಇನ್ನು ಆರು ದಿನ, ಐದು ದಿನ ಅಂತೀವಲ್ಲ, ಹಾಗೆ. ಎಣಿಸುವಾಗ ಎರಡೂ ತುದಿಯ ದಿನಗಳನ್ನು ಸೇರಿಸುತ್ತಿದ್ದರು. ಮಾರ್ಚ್ 1 ಒಂದು, ಫೆಬ್ರವರಿ 28 ಎರಡು, 27 ಮೂರು, 26 ನಾಲ್ಕು, 25 ಐದು, 24 ಆರು. ಹಾಗಾಗಿ ನಾವು 24 ಎನ್ನುವ ದಿನ ಅವರಿಗೆ "ಮಾರ್ಚಿಗೆ ಮೊದಲಿನ ಆರನೇ ದಿನ". ಗಡಿದೇವರ ಹಬ್ಬದ ಮರುದಿನ. ಹೆಚ್ಚುವರಿ ದಿನ ಬಂದ ವರ್ಷ ಈ ಆರನೇ ದಿನವನ್ನೇ ಎರಡು ಸಲ ಮಾಡುತ್ತಿದ್ದರು. ಇವತ್ತು ಆರನೆಯದು, ನಾಳೆಯೂ ಆರನೆಯದು. ಆ ವರ್ಷಕ್ಕೆ "ಎರಡು ಆರರ ವರ್ಷ" ಎಂಬರ್ಥದ ಹೆಸರೂ ಬಂತು. ಎಷ್ಟೋ ಶತಮಾನ ಕಳೆದು, ತಾರೀಕನ್ನು ಒಂದರಿಂದ ಮುಂದಕ್ಕೆ ಎಣಿಸುವ ರೂಢಿ ಬಲವಾದ ಮೇಲೆ, ಹೊಟ್ಟೆಯಲ್ಲಿದ್ದ ದಿನ ಬಾಲಕ್ಕೆ ಬಂದು 29 ಆಯಿತು.

ನಾಲ್ಕನೇ ರಾತ್ರಿ ಹೇಳಿದ್ದು ಎರಡು ತಪ್ಪುಗಳ ಕತೆ, ಒಂದು ದೊಡ್ಡದು, ಒಂದು ಚಿಕ್ಕದು.

ಎರಡೂ ತುದಿ ಸೇರಿಸಿ ಎಣಿಸುವ ಅಭ್ಯಾಸ ಹೇಳಿದೆನಲ್ಲ, ಅದು ನಮಗೂ ಇದೆ. ಮಗು ಹುಟ್ಟಿದ ದಿನವೇ ಒಂದನೇ ದಿನ. ಹನ್ನೊಂದನೇ ದಿನದ ಶುದ್ಧ ಎಂದರೆ ಹುಟ್ಟಿ ಹತ್ತು ದಿನ ಕಳೆದ ಮೇಲೆ. ಇದೇ ಅಭ್ಯಾಸ ಸೀಸರನ ಕ್ಯಾಲೆಂಡರಿಗೆ ಪೆಟ್ಟು ಕೊಟ್ಟಿತು. "ನಾಲ್ಕನೇ ವರ್ಷಕ್ಕೊಮ್ಮೆ ದಿನ ಸೇರಿಸಿ" ಎಂದು ಅವನು ನಿಯಮ ಮಾಡಿದ, ಹೊಸ ಲೆಕ್ಕ ಶುರುವಾದ ಮರುವರ್ಷವೇ ಕೊಲೆಯಾದ. ಪುರೋಹಿತರು ದಿನ ಸೇರಿಸಿದ ವರ್ಷವನ್ನೇ ಒಂದು ಎಂದು ಹಿಡಿದು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಇಗೋ ಬಂತು. ನಿಜವಾಗಿ ಆದದ್ದು ಮೂರೇ ವರ್ಷ. 36 ವರ್ಷದಲ್ಲಿ ಒಂಬತ್ತು ಸಲ ಸೇರಿಸಬೇಕಾದಲ್ಲಿ ಹನ್ನೆರಡು ಸಲ ಸೇರಿಸಿದರು. ಮೂರು ದಿನ ಜಾಸ್ತಿ. ಇದನ್ನು ಸರಿ ಮಾಡಿದವನು ಯಾರು ಗೊತ್ತಾ? ನಾವು ಕಳ್ಳ ಎಂದ ಅಗಸ್ಟಸ್. ಹನ್ನೆರಡು ವರ್ಷ ಯಾರೂ ದಿನ ಸೇರಿಸಬೇಡಿ ಎಂದು ತಡೆದ. ಜಾಸ್ತಿಯಾದ ಮೂರು ದಿನ ಅಲ್ಲಿಗೆ ಕರಗಿತು.

ಚಿಕ್ಕ ತಪ್ಪು ಲೆಕ್ಕದ್ದೇ. ಬಾಕಿ ಉಳಿಯುವ ದಾರಿ ಪೂರ್ತಿ ಆರು ಗಂಟೆ ಅಲ್ಲ. 5 ಗಂಟೆ 48 ನಿಮಿಷ 45 ಸೆಕೆಂಡ್. ಆರು ಎಂದು ಹಿಡಿದರೆ ವರ್ಷಕ್ಕೆ 11 ನಿಮಿಷ 15 ಸೆಕೆಂಡ್ ಜಾಸ್ತಿ ಕಾದಂತಾಗುತ್ತದೆ. ಹನ್ನೊಂದು ನಿಮಿಷ ಎಂದರೆ ನಮ್ಮೂರ ಬಸ್ಸಿಗೆ ಲೆಕ್ಕವೇ ಅಲ್ಲ. ಆದರೆ 128 ವರ್ಷಕ್ಕೆ ಅದು ಸರಿಯಾಗಿ ಒಂದು ದಿನ. 400 ವರ್ಷಕ್ಕೆ ಮೂರು ದಿನ, ಮೇಲೆ ಸ್ವಲ್ಪ. ಈ ಅಂತರ ಬೆಳೆದು ಬೆಳೆದು, 1582ರಲ್ಲಿ ಪೋಪ್ 13ನೇ ಗ್ರೆಗರಿ ಹತ್ತು ದಿನ ಹಾರಿಸಬೇಕಾಯಿತು. ರೋಮಿನಲ್ಲಿ ಆ ವರ್ಷ ಅಕ್ಟೋಬರ್ 4ರಂದು ಮಲಗಿದವರು ಎದ್ದದ್ದು 15ಕ್ಕೆ. ಮುಂದೆ ಹೀಗಾಗದಿರಲು 400 ವರ್ಷದಲ್ಲಿ ಮೂರು ಹೆಚ್ಚುವರಿ ದಿನ ಬಿಡಬೇಕು ಎಂದರು. ಯಾವ ಮೂರು? ಸೊನ್ನೆ ಸೊನ್ನೆಯಲ್ಲಿ ಮುಗಿಯುವ ವರ್ಷ 400ರಿಂದ ಭಾಗವಾಗದಿದ್ದರೆ ಅದಕ್ಕೆ 29 ಇಲ್ಲ. 1900ಕ್ಕೆ ಇರಲಿಲ್ಲ. 2000ಕ್ಕೆ ಇತ್ತು. 2100ಕ್ಕೆ ಇರುವುದಿಲ್ಲ. 2096 ಆದ ಮೇಲೆ 2104ರವರೆಗೆ ಎಂಟು ವರ್ಷ ಯಾರಿಗೂ ಫೆಬ್ರವರಿ 29 ಸಿಗುವುದಿಲ್ಲ.

ಮರುದಿನ ಬೆಳಿಗ್ಗೆ ಹಾಲಿನ ಲೆಕ್ಕ ಬರೆದು ಮುಗಿಸಿ ಮಗಳು ತನ್ನ ಅಜ್ಜಿಗೆ ಪಾಠ ಶುರು ಮಾಡಿದಳು. ನಾನು ಒಲೆಯ ಹತ್ತಿರ ದೋಸೆ ಹೊಯ್ಯುತ್ತಿದ್ದೆ.

"ಅಜ್ಜಿ, ಫೆಬ್ರವರಿಗೆ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಜಾಸ್ತಿ. ಕಳೆದ ಸಲ ಬಂದದ್ದು 2024ರಲ್ಲಿ." ಕ್ಯಾಲೆಂಡರಿನ ಎದುರು ನಿಂತು ಬೆರಳು ಮಡಚಿದಳು. "2024, 2025, 2026, 2027. ಇನ್ನು ಬರುವುದು 2027ಕ್ಕೆ."

ಅತ್ತೆಯೂ ಬೆರಳು ಮಡಚಿ ನೋಡಿದರು.

"ಹೌದಲ್ವಾ, ನಾಲ್ಕಾಯಿತು. ಸರಿ ಇದೆ."